ಶೇರು ಏರಿತು, ಕಾಲ್ ಯಾಕೆ ಇಳಿಯಿತು? ರಿಸಲ್ಟ್ ಹೊತ್ತಿನ ಆಪ್ಷನ್ ಬೆಲೆಯ ಲೆಕ್ಕ

ಶಿರಸಿ ಕಡೆ ಈಗ ಅಡಿಕೆ ದರದ ಜೊತೆಗೆ ನಿಫ್ಟಿ ದರದ ಮಾತೂ ನಡೆಯುತ್ತದೆ. ಮೊಬೈಲಿನಲ್ಲಿ ಆಪ್ಷನ್ ಕೊಳ್ಳುವ ಹುಡುಗರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಅವರಲ್ಲೊಬ್ಬ, ಸಂಬಂಧದಲ್ಲಿ ನನಗೆ ಕಿರಿಯ, ಕಂಪನಿಯೊಂದರ ರಿಸಲ್ಟ್ ಬಂದ ಮರುದಿನ ಫೋನ್ ಮಾಡಿ ಕೇಳಿದ: "ಶೇರು ಮೇಲೆ ಹೋತು ಭಾವ, ನನ್ನ ಕಾಲ್ ಎಂತಕ್ಕೆ ಕೆಳಗೆ ಬಂತು?"

ಕಾಲ್ ಅಂದರೆ ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಬೆಲೆಗೆ ಶೇರು ಕೊಳ್ಳುವ ಹಕ್ಕು ಕೊಡುವ ಆಪ್ಷನ್. ಅದರ ಬೆಲೆ ಇಳಿದದ್ದು ಬ್ರೋಕರ್ ಆ್ಯಪ್‌ನ ದೋಷ ಅಲ್ಲ, ಯಾರೋ ದೊಡ್ಡವರ ಆಟವೂ ಅಲ್ಲ. ರಿಸಲ್ಟ್‌ಗೆ ಮೊದಲು ಆಪ್ಷನ್ ಬೆಲೆ ಯಾಕೆ ಉಬ್ಬಿರುತ್ತದೆ ಎಂಬುದು ಗೊತ್ತಾದರೆ, ಮರುದಿನ ಅದು ಯಾಕೆ ಕುಸಿಯುತ್ತದೆ ಎಂಬುದೂ ಗೊತ್ತಾಗುತ್ತದೆ. ಎರಡೂ ಒಂದೇ ಲೆಕ್ಕದ ಎರಡು ತುದಿಗಳು.

ಆಪ್ಷನ್ ಬೆಲೆಯನ್ನು, ಅಂದರೆ ಪ್ರೀಮಿಯಂ ಅನ್ನು, ತೀರ್ಮಾನಿಸುವ ವಿಷಯಗಳು ಹೆಚ್ಚಿಲ್ಲ. ಶೇರಿನ ಇವತ್ತಿನ ಬೆಲೆ, ನೀವು ಆರಿಸಿದ ಸ್ಟ್ರೈಕ್ ಅಂದರೆ ಆ ಗೊತ್ತುಪಡಿಸಿದ ಬೆಲೆ, ಹಕ್ಕು ಮುಗಿಯುವ ದಿನವಾದ ಎಕ್ಸ್‌ಪೈರಿಗೆ ಉಳಿದ ದಿನ, ಬಡ್ಡಿ ದರ, ಮಧ್ಯೆ ಡಿವಿಡೆಂಡ್ ಇದ್ದರೆ ಅದು. ಇವೆಲ್ಲ ಎಲ್ಲರ ಕಣ್ಣಿಗೂ ಕಾಣುತ್ತವೆ. ಕಾಣದೇ ಇರುವುದು ಒಂದೇ: ಇವತ್ತಿನಿಂದ ಎಕ್ಸ್‌ಪೈರಿವರೆಗೆ ಈ ಶೇರು ಎಷ್ಟು ಅಲುಗಾಡಬಹುದು ಎಂಬುದು. 1973ರಲ್ಲಿ ಬಂದ ಬ್ಲ್ಯಾಕ್-ಶೋಲ್ಸ್ ಸೂತ್ರಕ್ಕೆ ಈ ಅಲುಗಾಟದ ಅಂಕಿಯನ್ನೂ ಕೊಟ್ಟರೆ ಅದು ಆಪ್ಷನ್ ಬೆಲೆ ಹೇಳುತ್ತದೆ.

ಮಾರುಕಟ್ಟೆಯಲ್ಲಿ ನಡೆಯುವುದು ಇದರ ತಿರುಗುಮುರುಗು. ಬೆಲೆ ಮೊದಲೇ ಪರದೆಯ ಮೇಲೆ ಇರುತ್ತದೆ, ಕೊಳ್ಳುವವರೂ ಮಾರುವವರೂ ಜಗ್ಗಾಡಿ ಅದನ್ನು ನಿಲ್ಲಿಸಿರುತ್ತಾರೆ. ಆ ಬೆಲೆಯನ್ನು ಸೂತ್ರಕ್ಕೆ ತುಂಬಿ, "ಈ ಬೆಲೆ ಸರಿ ಅನ್ನಬೇಕಾದರೆ ಅಲುಗಾಟ ಎಷ್ಟಿರಬೇಕು?" ಎಂದು ಹಿಂದಕ್ಕೆ ಲೆಕ್ಕ ಹಾಕಿದಾಗ ಸಿಗುವ ಅಂಕಿಯೇ ಇಂಪ್ಲೈಡ್ ವೊಲಾಟಿಲಿಟಿ, ಎಲ್ಲರ ಬಾಯಲ್ಲಿ ಐವಿ. ಎನ್‌ಎಸ್‌ಇಯ ಆಪ್ಷನ್ ಚೈನ್‌ನಲ್ಲಿ ಪ್ರತಿ ಸ್ಟ್ರೈಕ್‌ನ ಪಕ್ಕ IV ಎಂಬ ಕಾಲಮ್‌ನಲ್ಲಿ ಕಾಣುವುದು ಇದೇ. ಶೇರು ಮೇಲೆ ಹೋಗುತ್ತದೋ ಕೆಳಗೋ ಎಂಬುದನ್ನು ಅದು ಹೇಳುವುದಿಲ್ಲ. ಎಷ್ಟು ದೂರ ಅಂತ ಮಾತ್ರ ಹೇಳುತ್ತದೆ.

ಐವಿಯನ್ನು ವರ್ಷದ ಲೆಕ್ಕದಲ್ಲಿ ಬರೆಯುತ್ತಾರೆ, ಹಾಗಾಗಿ 24 ಅಂದರೆ ಏನೂ ಹೊಳೆಯುವುದಿಲ್ಲ. ಅದನ್ನು ದಿನಕ್ಕೆ ಇಳಿಸಿಕೊಳ್ಳಬೇಕು. ವರ್ಷಕ್ಕೆ ಸುಮಾರು 252 ವಹಿವಾಟಿನ ದಿನ, ಅದರ ವರ್ಗಮೂಲ ಹತ್ತಿರ ಹತ್ತಿರ 16. ಐವಿಯನ್ನು 16ರಿಂದ ಭಾಗಿಸಿದರೆ ಮಾರುಕಟ್ಟೆ ದಿನವೊಂದಕ್ಕೆ ಎಷ್ಟು ಅಲುಗಾಟ ಎಣಿಸಿದೆ ಎಂಬುದು ಸಿಗುತ್ತದೆ. 24 ಅಂದರೆ ದಿನಕ್ಕೆ ಒಂದೂವರೆ ಶೇಕಡಾ. ದಿನಾ ಅಷ್ಟೇ ಓಡಾಡುತ್ತದೆ ಎಂದಲ್ಲ, ಮೂರರಲ್ಲಿ ಎರಡು ದಿನ ಅದರೊಳಗೇ ಇರುತ್ತದೆ ಎಂಬ ಅಂದಾಜು.

ಈಗ ರಿಸಲ್ಟ್ ದಿನಕ್ಕೆ ಬರೋಣ. ಶೇರು ವಹಿವಾಟಿನ ಎಲ್ಲ ದಿನವೂ ಒಂದೇ ತೂಕದ್ದಲ್ಲ. ಸುಮ್ಮನಿರುವ ದಿನಗಳ ನಡುವೆ ಮೂರು ತಿಂಗಳಿಗೊಮ್ಮೆ ಒಂದು ದಿನ ಬರುತ್ತದೆ. ಅವತ್ತು ಲಾಭ ಎಷ್ಟು, ಮುಂದಿನ ವರ್ಷದ ಅಂದಾಜು ಏನು ಎಂಬುದೆಲ್ಲ ಒಂದೇ ಏಟಿಗೆ ಹೊರಬೀಳುತ್ತದೆ. ಅದರ ತಾರೀಖು ಮೊದಲೇ ಗೊತ್ತಿರುತ್ತದೆ. ಕಂಪನಿ ತನ್ನ ಬೋರ್ಡ್ ಸಭೆ ಯಾವತ್ತು ಎಂದು ಎಕ್ಸ್‌ಚೇಂಜ್‌ಗೆ ಮುಂಚಿತವಾಗಿ ತಿಳಿಸಲೇಬೇಕು. ಗೊತ್ತಿಲ್ಲದ್ದು ಅದರೊಳಗಿನ ಸುದ್ದಿ ಮಾತ್ರ.

ಐವಿ ಅನ್ನುವುದು ಉಳಿದ ದಿನಗಳ ಸರಾಸರಿ. ಇದೊಂದು ಮಾತು ಗಟ್ಟಿ ಹಿಡಿದುಕೊಂಡರೆ ಉಳಿದದ್ದು ಸುಲಭ. ಮಳೆಗಾಲದ ಲೆಕ್ಕದಲ್ಲಿ ನೋಡಿ. ಮುಂದಿನ ದಿನಗಳಲ್ಲಿ ದಿನಕ್ಕೆ 10 ಮಿಲಿಮೀಟರ್‌ನಂತೆ ಸಣ್ಣ ಮಳೆ, ಕೊನೆಯ ದಿನ ಮಾತ್ರ 110 ಮಿಲಿಮೀಟರ್ ಹೊಡೆಯುತ್ತದೆ ಎಂದು ಖಾತ್ರಿ ಇದೆ ಅಂದುಕೊಳ್ಳಿ. ಇಪ್ಪತ್ತು ದಿನ ಉಳಿದಿರುವಾಗ ಸರಾಸರಿ 15. ಹತ್ತು ದಿನ ಉಳಿದಾಗ 20. ಐದು ದಿನ ಉಳಿದಾಗ 30. ಕೊನೆಯ ದಿನಕ್ಕೆ 110. ಮಳೆಯ ಅಂದಾಜನ್ನು ಯಾರೂ ಹೆಚ್ಚಿಸಿಲ್ಲ. ಸಣ್ಣ ಮಳೆಯ ದಿನಗಳು ಒಂದೊಂದಾಗಿ ಕಳೆದುಹೋದವು, ದೊಡ್ಡ ದಿನ ಹಾಗೇ ಉಳಿಯಿತು, ಸರಾಸರಿ ತಾನಾಗಿ ಏರಿತು. ರಿಸಲ್ಟ್ ಹತ್ತಿರ ಬಂದಂತೆ ಐವಿ ಏರುವುದರಲ್ಲಿ ಬಹುಪಾಲು ಇಷ್ಟೇ. ಯಾರಿಗೋ ಒಳಸುದ್ದಿ ಸಿಕ್ಕಿದೆ ಎಂದು ಅನುಮಾನ ಪಡಬೇಕಾಗಿಲ್ಲ.

ಇನ್ನು ಅಂಕಿ ಹಾಕಿ ನೋಡೋಣ. ಹೆಸರಿಲ್ಲದ ಒಂದು ಕಂಪನಿ, ಶೇರಿನ ಬೆಲೆ 1000 ರೂಪಾಯಿ. ಸಾಮಾನ್ಯ ದಿನದ ಅಲುಗಾಟ 1.5 ಶೇಕಡಾ, ರಿಸಲ್ಟ್‌ನ ಮರುದಿನದ್ದು 5 ಶೇಕಡಾ. ಎಕ್ಸ್‌ಪೈರಿಗೆ ಇಪ್ಪತ್ತು ವಹಿವಾಟಿನ ದಿನ ಇದೆ, ರಿಸಲ್ಟ್ ಹತ್ತನೇ ದಿನ ಸಂಜೆ ಬರುತ್ತದೆ. ಲೆಕ್ಕ ಸುಲಭವಾಗಲಿ ಎಂದು ಬಡ್ಡಿ ಬಿಟ್ಟಿದ್ದೇನೆ.

ಒಂದು ಸೂಕ್ಷ್ಮ ಇದೆ. ಅಲುಗಾಟಗಳನ್ನು ನೇರವಾಗಿ ಕೂಡಿಸುವಂತಿಲ್ಲ, ಯಾಕೆಂದರೆ ಒಂದು ದಿನ ಏರಿದ್ದು ಇನ್ನೊಂದು ದಿನ ಇಳಿದು ಸರಿಹೋಗುತ್ತದೆ. ಅವುಗಳ ವರ್ಗವನ್ನು ಕೂಡಿಸಿ, ಕೊನೆಗೆ ವರ್ಗಮೂಲ ತೆಗೆಯಬೇಕು. ಸಾಮಾನ್ಯ ದಿನದ ವರ್ಗ 2.25. ರಿಸಲ್ಟ್ ದಿನದ್ದು 25. ಅಂದರೆ ಆ ಒಂದು ದಿನ ಹನ್ನೊಂದು ಸಾಮಾನ್ಯ ದಿನಗಳಿಗೆ ಸಮ. ಆಪ್ಷನ್ ಮಾರುವವನ ಕಣ್ಣಲ್ಲಿ ಕ್ಯಾಲೆಂಡರ್‌ನಲ್ಲಿ ಇಪ್ಪತ್ತು ದಿನ ಇದ್ದರೂ ಅಪಾಯ ಮೂವತ್ತು ದಿನದ್ದು.

ಇವತ್ತಿನ ಲೆಕ್ಕ: ಹತ್ತೊಂಬತ್ತು ಸಾಮಾನ್ಯ ದಿನ, ಒಂದು ರಿಸಲ್ಟ್ ದಿನ, ಒಟ್ಟು 67.75. ಇದನ್ನು 20ರಿಂದ ಭಾಗಿಸಿ, ವರ್ಗಮೂಲ ತೆಗೆದು, 16ರಿಂದ ಗುಣಿಸಿದರೆ ಐವಿ ಸುಮಾರು 29. ಹತ್ತು ದಿನ ಕಳೆದು ರಿಸಲ್ಟ್ ಬರುವ ಸಂಜೆ ಉಳಿದಿರುವುದು ಒಂಬತ್ತು ಸಾಮಾನ್ಯ ದಿನ ಮತ್ತು ಆ ದೊಡ್ಡ ದಿನ, ಒಟ್ಟು 45.25. ಅದೇ ರೀತಿ ಲೆಕ್ಕ ಹಾಕಿದರೆ ಐವಿ 34. ಮರುದಿನ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಉಳಿದಿರುವುದು ಒಂಬತ್ತು ಸಾಮಾನ್ಯ ದಿನ ಮಾತ್ರ. ಐವಿ ವಾಪಸ್ 24. ಈ ಬೀಳುವಿಕೆಗೇ ಟ್ರೇಡರ್‌ಗಳು ಐವಿ ಕ್ರಶ್ ಎನ್ನುತ್ತಾರೆ.

ಹಾಗಾದರೆ ರೂಪಾಯಿಯಲ್ಲಿ ಬೆಲೆ ಏನಾಯಿತು? ಇಲ್ಲಿ ಹಲವರು ಎಡವುತ್ತಾರೆ. "ರಿಸಲ್ಟ್‌ಗೆ ಮೊದಲು ಆಪ್ಷನ್ ಬೆಲೆ ಏರುತ್ತದೆ" ಎಂಬ ಮಾತನ್ನು ಕೇಳಿ, ಹತ್ತು ದಿನ ಮೊದಲು ಕೊಂಡು ಹಿಂದಿನ ದಿನ ಮಾರಿದರೆ ಲಾಭ ಖಂಡಿತ ಎಂದುಕೊಳ್ಳುತ್ತಾರೆ. ನೋಡೋಣ. ಶೇರಿನ ಬೆಲೆಯಷ್ಟೇ ಸ್ಟ್ರೈಕ್ ಇರುವ ಆಪ್ಷನ್‌ಗೆ ಒಂದು ಸರಳ ಅಂದಾಜಿದೆ: ಒಟ್ಟು ಅಲುಗಾಟವನ್ನು ರೂಪಾಯಿಗೆ ತಿರುಗಿಸಿ 0.4ರಿಂದ ಗುಣಿಸಿ. ಇವತ್ತು 67.75ರ ವರ್ಗಮೂಲ 8.23 ಶೇಕಡಾ, ಅಂದರೆ 82 ರೂಪಾಯಿ. ಹಾಗಾಗಿ 1000ದ ಕಾಲ್‌ಗೆ 33 ರೂಪಾಯಿ. ರಿಸಲ್ಟ್ ಸಂಜೆ ಅದೇ ಕಾಲ್, ಶೇರು ಅಲ್ಲೇ ಇದ್ದರೆ, 27 ರೂಪಾಯಿ.

ಐವಿ 29ರಿಂದ 34ಕ್ಕೆ ಏರಿದೆ, ಆದರೆ ಕಾಲ್ ಬೆಲೆ 33ರಿಂದ 27ಕ್ಕೆ ಇಳಿದಿದೆ! ಎರಡೂ ಒಟ್ಟಿಗೆ ನಿಜ. ದಿನ ಕಳೆದಂತೆ ಆಪ್ಷನ್ ಸವೆಯುತ್ತದೆ, ಐವಿ ಏರಿಕೆ ಆ ಸವೆತವನ್ನು ನಿಧಾನ ಮಾಡಿದೆ ಅಷ್ಟೇ. ರಿಸಲ್ಟ್ ಇಲ್ಲದ ತಿಂಗಳಾಗಿದ್ದರೆ ಇದೇ ಕಾಲ್ 27ರಲ್ಲಿ ಶುರುವಾಗಿ ಹತ್ತು ದಿನಕ್ಕೆ 19ಕ್ಕೆ ಬರುತ್ತಿತ್ತು. ಆದ್ದರಿಂದ "ಬೆಲೆ ಜಾಸ್ತಿ" ಅನ್ನುವುದನ್ನು ಹೀಗೆ ಓದಬೇಕು: ರಿಸಲ್ಟ್ ಇಲ್ಲದಿದ್ದರೆ ಎಷ್ಟಿರುತ್ತಿತ್ತೋ ಅದಕ್ಕಿಂತ ಜಾಸ್ತಿ. ನಿನ್ನೆಗಿಂತ ಜಾಸ್ತಿ ಎಂದೇನೂ ಇಲ್ಲ.

ರೂಪಾಯಿಯಲ್ಲೇ ಏರುವುದೂ ಉಂಟು. ಅದಕ್ಕೆ ರಿಸಲ್ಟ್ ದಿನದ ಅಂದಾಜೇ ಬದಲಾಗಬೇಕು. ಐಟಿ ಕಂಪನಿಗಳ ಸಾಲಿನಲ್ಲಿ ಸಾಮಾನ್ಯವಾಗಿ ಟಿಸಿಎಸ್ ರಿಸಲ್ಟ್ ಮೊದಲು ಬರುತ್ತದೆ. ಅದರಲ್ಲಿ ಏನೋ ಅಚ್ಚರಿ ಇದ್ದರೆ ಉಳಿದ ಐಟಿ ಕಂಪನಿಗಳ ರಿಸಲ್ಟ್ ಬಗ್ಗೆ ಎಲ್ಲರಿಗೂ ಅಳುಕು ಹುಟ್ಟುತ್ತದೆ. ನಮ್ಮ ಉದಾಹರಣೆಯಲ್ಲಿ 5 ಶೇಕಡಾ ಅಂದಾಜು 6ಕ್ಕೆ ಏರಿತೆನ್ನಿ. ಆ ಸಂಜೆಯ ಕಾಲ್ ಬೆಲೆ 27ರ ಬದಲು 30 ಆಗುತ್ತದೆ, ಐವಿ 38ರ ಹತ್ತಿರ ಹೋಗುತ್ತದೆ. ಇಂಥ ಏರಿಕೆ ಮೊದಲೇ ಊಹಿಸುವಂಥದ್ದಲ್ಲ.

ಈ ಬೆಲೆ ಸರಿಯೇ ಎಂದು ಕೇಳುವ ಮುನ್ನ ಮಾರುವವನ ಜಾಗದಲ್ಲಿ ನಿಂತು ನೋಡಬೇಕು. ಸಾಮಾನ್ಯ ದಿನ ಕಾಲ್ ಮಾರಿದವನು ಶೇರು ಏರತೊಡಗಿದರೆ ಸ್ವಲ್ಪ ಸ್ವಲ್ಪ ಶೇರೋ ಫ್ಯೂಚರೋ ಕೊಂಡು ತನ್ನ ನಷ್ಟವನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ರಿಸಲ್ಟ್ ರಾತ್ರಿ ಈ ದಾರಿ ಮುಚ್ಚಿರುತ್ತದೆ. ಮಾರುಕಟ್ಟೆ ಮಧ್ಯಾಹ್ನ ಮೂರೂವರೆಗೆ ಮುಗಿದಿರುತ್ತದೆ, ದೊಡ್ಡ ಕಂಪನಿಗಳ ರಿಸಲ್ಟ್ ಹೆಚ್ಚಾಗಿ ಅದರ ನಂತರವೇ ಬರುತ್ತದೆ. ಮರುದಿನ ಒಂಬತ್ತೂ ಕಾಲಿಗೆ ಶೇರು ನಡೆದುಕೊಂಡು ಬರುವುದಿಲ್ಲ, ಹಾರಿಕೊಂಡು ಬಂದು ಹೊಸ ಜಾಗದಲ್ಲಿ ಕೂತಿರುತ್ತದೆ. ಮಧ್ಯದ ಬೆಲೆಗಳಲ್ಲಿ ಏನನ್ನೂ ಮಾಡಲು ಅವಕಾಶವೇ ಇಲ್ಲ.

ಇನ್ಫೋಸಿಸ್‌ನದ್ದೇ ಉದಾಹರಣೆ ಇದೆ. 2023ರ ಏಪ್ರಿಲ್ 13, ಗುರುವಾರ ಮಾರುಕಟ್ಟೆ ಮುಗಿದ ಮೇಲೆ ರಿಸಲ್ಟ್ ಬಂತು. ಮುಂದಿನ ವರ್ಷದ ಆದಾಯ 4ರಿಂದ 7 ಶೇಕಡಾ ಬೆಳೆಯಬಹುದು ಎಂದು ಕಂಪನಿ ಹೇಳಿತು, ಮಾರುಕಟ್ಟೆ ಅದಕ್ಕಿಂತ ಹೆಚ್ಚು ನಿರೀಕ್ಷಿಸಿತ್ತು. ಮರುದಿನ ಅಂಬೇಡ್ಕರ್ ಜಯಂತಿ ರಜೆ, ಆಮೇಲೆ ಶನಿವಾರ, ಭಾನುವಾರ. ಪುಟ್, ಅಂದರೆ ಗೊತ್ತುಪಡಿಸಿದ ಬೆಲೆಗೆ ಶೇರು ಮಾರುವ ಹಕ್ಕನ್ನು, ಮಾರಿದವರು ಮೂರು ದಿನ ಕೈಕಟ್ಟಿ ಕೂತರು. ಏಪ್ರಿಲ್ 17ರ ಸೋಮವಾರ ಶೇರು ಒಂದೇ ದಿನ 9 ಶೇಕಡಾಕ್ಕಿಂತ ಹೆಚ್ಚು ಬಿತ್ತು. ರಿಸಲ್ಟ್‌ಗೆ ಮೊದಲು ಮಾರುವವರು ಹೆಚ್ಚು ಪ್ರೀಮಿಯಂ ಕೇಳುವುದು ಇಂಥ ಸೋಮವಾರಗಳಿಗಾಗಿ. ಐವಿ ಹೇಗೂ ಬೀಳುತ್ತದೆ, ಹಾಗಾಗಿ ಹಿಂದಿನ ದಿನ ಮಾರಿಬಿಟ್ಟರೆ ಸುಲಭದ ದುಡ್ಡು ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಐವಿ ಆ ಸೋಮವಾರವೂ ಬೀಳಬಹುದು, ಆದರೆ ಶೇರು ಓಡಿದ ದೂರದ ಮುಂದೆ ಆ ಲಾಭ ಎಲ್ಲಿಗೂ ಸಾಲುವುದಿಲ್ಲ.

ಈಗ ನಮ್ಮ ಹುಡುಗನ ಪ್ರಶ್ನೆ. ಇಂಥ ಹೊತ್ತಲ್ಲಿ ಹೆಚ್ಚಿನವರು 1000ದ ಕಾಲ್ ಕೊಳ್ಳುವುದಿಲ್ಲ, 27 ರೂಪಾಯಿ ದುಬಾರಿ ಅನ್ನಿಸುತ್ತದೆ. ಸ್ವಲ್ಪ ದೂರದ 1050ರ ಕಾಲ್ ಕೊಳ್ಳುತ್ತಾರೆ. ರಿಸಲ್ಟ್ ಸಂಜೆ ಐವಿ 34ರಲ್ಲಿ ಅದರ ಬೆಲೆ ಸುಮಾರು ಒಂಬತ್ತೂವರೆ ರೂಪಾಯಿ. ಒಂದು ಲಾಟ್‌ನಲ್ಲಿ 500 ಶೇರು ಅಂದುಕೊಂಡರೆ 4750 ರೂಪಾಯಿ ಹಾಕಿದಂತಾಯಿತು. ರಿಸಲ್ಟ್ ಚೆನ್ನಾಗಿ ಬಂತು. ಶೇರು 2 ಶೇಕಡಾ ಏರಿ 1020ಕ್ಕೆ ನಿಂತಿತು. ಐವಿ 24ಕ್ಕೆ ಇಳಿದಿದೆ. 1050ರ ಕಾಲ್ ಈಗ ಏಳೂ ಕಾಲು ರೂಪಾಯಿ ಆಸುಪಾಸು. ಒಂದು ಲಾಟ್‌ಗೆ ಸಾವಿರದ ನೂರು ರೂಪಾಯಿ ಹೋಯಿತು, ಅದೂ ದಿಕ್ಕು ಸರಿಯಾಗಿ ಹೇಳಿದ ಮೇಲೆ.

ಎಲ್ಲಿ ಹೋಯಿತು ಅಂದರೆ, ಅವನು ಕೊಟ್ಟ ಒಂಬತ್ತೂವರೆಯಲ್ಲಿ ದೊಡ್ಡ ಪಾಲು ಆ ಒಂದು ರಾತ್ರಿಯ ಬೆಲೆ. ರಾತ್ರಿ ಮುಗಿಯಿತು, ಬೆಲೆಯೂ ಮುಗಿಯಿತು. ಶೇರು 20 ರೂಪಾಯಿ ಏರಿದ್ದಕ್ಕೆ ಬಂದ ಲಾಭ ಅದನ್ನು ತುಂಬಲು ಸಾಲಲಿಲ್ಲ. ಕೊಟ್ಟ ದುಡ್ಡು ಅವತ್ತೇ ವಾಪಸ್ ಬರಬೇಕಾದರೂ ಶೇರು 1028ರ ಹತ್ತಿರ ಹೋಗಬೇಕಿತ್ತು. ಹಾಗಾಗಿ ರಿಸಲ್ಟ್‌ಗೆ ಆಪ್ಷನ್ ಕೊಳ್ಳುವವನು ಕೇಳಿಕೊಳ್ಳಬೇಕಾದ ಪ್ರಶ್ನೆ "ಏರುತ್ತದೆಯೇ?" ಎಂಬುದಲ್ಲ. "ಎಲ್ಲರೂ ಈಗಾಗಲೇ ಎಣಿಸಿರುವುದಕ್ಕಿಂತ ಜಾಸ್ತಿ ಏರುತ್ತದೆಯೇ?" ಎಂಬುದು. ಇದು ತುಂಬಾ ಕಷ್ಟದ ಪ್ರಶ್ನೆ, ಮತ್ತು ನನ್ನ ಪ್ರಕಾರ ಮನೆಯಲ್ಲಿ ಕೂತು ಟ್ರೇಡ್ ಮಾಡುವವರ ಹತ್ತಿರ ಅದಕ್ಕೆ ಉತ್ತರ ಇರುವುದು ಅಪರೂಪ.

ಎಲ್ಲರೂ ಎಣಿಸಿರುವುದು ಎಷ್ಟು ಎಂದು ತಿಳಿಯಲು ಮಾತ್ರ ಕಷ್ಟವಿಲ್ಲ. ಮೇಲಿನ ಲೆಕ್ಕವನ್ನೇ ತಿರುಗಿಸಬೇಕು. ರಿಸಲ್ಟ್ ಸಂಜೆ ಹತ್ತಿರದ ಎಕ್ಸ್‌ಪೈರಿಯ ಐವಿ 34, ಉಳಿದಿರುವುದು ಹತ್ತು ದಿನ. ಇದೇ ಶೇರಿನ ಸಾಮಾನ್ಯ ಐವಿ 24 ಎಂದು ಹಿಂದಿನ ತಿಂಗಳುಗಳಿಂದ ಗೊತ್ತಿದೆ. ಆಗ ಲೆಕ್ಕ ಹೀಗೆ:

```
34/16 = 2.125    2.125 × 2.125 × 10 = 45.2
24/16 = 1.5      1.5 × 1.5 × 9 = 20.25
45.2 − 20.25 = 24.9    √24.9 ≈ 5
```

ಅಂದರೆ ಮಾರುಕಟ್ಟೆ ರಿಸಲ್ಟ್‌ಗೆ 5 ಶೇಕಡಾ ಇಟ್ಟಿದೆ. ಹೀಗೆ ಸಿಗುವ 5 ಒಂದು ಅಳತೆಗೋಲು, ಸರಾಸರಿ ಹಾರಾಟ ಅದರ ಐದರಲ್ಲಿ ನಾಲ್ಕು ಪಾಲು, ಅಂದರೆ 4 ಶೇಕಡಾದಷ್ಟು. ಈ ಕಂಪನಿಯ ಹಿಂದಿನ ಎಂಟು ಹತ್ತು ರಿಸಲ್ಟ್‌ಗಳ ಮರುದಿನ ಶೇರು ಎಷ್ಟೆಷ್ಟು ಓಡಿತ್ತು ಎಂದು ನೋಡಿ ಪಕ್ಕದಲ್ಲಿಟ್ಟರೆ, ಈ ಸಲ ಪ್ರೀಮಿಯಂ ತೀರಾ ಉಬ್ಬಿದೆಯೇ ಇಲ್ಲವೇ ಎಂದು ಸ್ವಲ್ಪ ಅಂದಾಜು ಸಿಗುತ್ತದೆ. ಹಳೆಯದರ ಸರಾಸರಿ ಮುಂದಿನದಕ್ಕೆ ಗ್ಯಾರಂಟಿ ಅಲ್ಲ, ಇನ್ಫೋಸಿಸ್‌ನ ಆ ಸೋಮವಾರವೇ ಸಾಕ್ಷಿ.

ಇನ್ನೊಂದು ಗುರುತು ಮುಂದಿನ ತಿಂಗಳ ಐವಿ. ಅದರೊಳಗೂ ಇದೇ ರಿಸಲ್ಟ್ ಇದೆ, ಆದರೆ ಸಾಮಾನ್ಯ ದಿನಗಳು ಜಾಸ್ತಿ ಇರುವುದರಿಂದ ಸರಾಸರಿ ತಗ್ಗುತ್ತದೆ. ನಮ್ಮ ಶೇರಿಗೆ ಮೂವತ್ತು ದಿನ ಉಳಿದ ಎಕ್ಸ್‌ಪೈರಿಯಲ್ಲಿ ಐವಿ 28ರ ಹತ್ತಿರ ಬರುತ್ತದೆ. ಹತ್ತಿರದ್ದು 34, ದೂರದ್ದು 28 ಹೀಗೆ ಇಳಿಜಾರು ಕಂಡರೆ ಮುಂದೆ ಯಾವುದೋ ಒಂದು ದಿನಕ್ಕೆ ದುಡ್ಡು ಕಟ್ಟಲಾಗಿದೆ ಎಂದರ್ಥ. ಎರಡೂ ಒಂದೇ ಮಟ್ಟಕ್ಕೆ ಏರಿದ್ದರೆ ಅದು ಬರೀ ರಿಸಲ್ಟ್ ವಿಷಯ ಅಲ್ಲ, ಇಡೀ ಮಾರುಕಟ್ಟೆಗೇ ಹೆದರಿಕೆ ಹಿಡಿದಿರಬಹುದು. ಹಾಗಿದ್ದರೆ ನಿಫ್ಟಿ ಆಪ್ಷನ್‌ಗಳ ಬೆಲೆಯಿಂದ ಅಲುಗಾಟ ಅಳೆಯುವ ಸೂಚ್ಯಂಕ ಇಂಡಿಯಾ ವಿಕ್ಸ್ ಕೂಡ ಏರಿರುತ್ತದೆ.

ಈ ಲೆಕ್ಕ ಕೈಕೊಡುವ ಜಾಗಗಳೂ ಇವೆ. ನಮ್ಮಲ್ಲಿ ಕಂಪನಿ ಶೇರುಗಳ ಮುಂದಿನ ತಿಂಗಳ ಆಪ್ಷನ್‌ಗಳಲ್ಲಿ ವಹಿವಾಟು ಬಹಳ ಕಡಿಮೆ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ಲಾರಿ ಹೋಗುವಷ್ಟು ಜಾಗ ಇರುತ್ತದೆ, ಅಂಥ ಕಡೆ ತೋರುವ ಐವಿಯನ್ನು ನಂಬಬೇಡಿ. ಶೇರಿನ ಬೆಲೆಗೆ ಹತ್ತಿರವಿರುವ ಎರಡು ಮೂರು ಸ್ಟ್ರೈಕ್‌ಗಳನ್ನಷ್ಟೇ ನೋಡುವುದು ಒಳ್ಳೆಯದು. ರಿಸಲ್ಟ್ ಆದ ಮೇಲೆ ಐವಿ ಸರಿಯಾಗಿ 24ಕ್ಕೇ ಇಳಿಯುತ್ತದೆ ಎಂಬುದೂ ಬರೀ ಅಂದಾಜು. ಕಂಪನಿ ಹೊಸ ಗೊಂದಲ ಹುಟ್ಟುಹಾಕಿದರೆ, ಉದಾಹರಣೆಗೆ ಆಡಿಟರ್ ರಾಜೀನಾಮೆಯನ್ನೂ ರಿಸಲ್ಟ್ ಜೊತೆಗೇ ಹೇಳಿದರೆ, ಐವಿ ಬೀಳದೇ ಮೇಲೇ ಉಳಿಯಬಹುದು.

ಐವಿ ರಿಸಲ್ಟ್‌ಗೆ ಮೊದಲು ಏರಿ ಆಮೇಲೆ ಬೀಳುವುದು ಹೊಸ ಸಂಗತಿಯಲ್ಲ. ಅಮೆರಿಕದ ಪಟೆಲ್ ಮತ್ತು ವುಲ್ಫ್‌ಸನ್ ಎಂಬ ಇಬ್ಬರು ಸಂಶೋಧಕರು ಇದನ್ನು 1979ರಲ್ಲೇ ಅಂಕಿಅಂಶ ಸಮೇತ ತೋರಿಸಿದ್ದರು. ಹಾಗಾಗಿ ಇದು ಎಲ್ಲರಿಗೂ ಗೊತ್ತಿರುವ ಗುಟ್ಟು, ಬೆಲೆಯಲ್ಲಿ ಮೊದಲೇ ಸೇರಿರುತ್ತದೆ.

ಕೊನೆಯದಾಗಿ ತಾರೀಖಿನ ವಿಷಯ, ಇದನ್ನು ಗಮನಿಸುವವರು ಕಡಿಮೆ. ಕಂಪನಿ ಶೇರುಗಳ ಆಪ್ಷನ್ ತಿಂಗಳ ಕೊನೆಯಲ್ಲಿ ಮುಗಿಯುತ್ತದೆ. ಎನ್‌ಎಸ್‌ಇಯಲ್ಲಿ ಮೊದಲು ಕೊನೆಯ ಗುರುವಾರ ಇತ್ತು, 2025ರ ಸೆಪ್ಟೆಂಬರ್‌ನಿಂದ ಕೊನೆಯ ಮಂಗಳವಾರ ಆಗಿದೆ. ತ್ರೈಮಾಸಿಕ ರಿಸಲ್ಟ್ ಕೊಡಲು ಕಂಪನಿಗಳಿಗೆ 45 ದಿನ ಸಮಯ ಇದೆ, ವರ್ಷದ ಕೊನೆಯದಕ್ಕೆ 60. ಹಾಗಾಗಿ ಜುಲೈ ರಿಸಲ್ಟ್ ಎಂದು ಎಲ್ಲರೂ ಕಾಯುತ್ತಿದ್ದದ್ದು ಆಗಸ್ಟ್ ಮೊದಲ ವಾರಕ್ಕೆ ಹೋಗಬಹುದು. ಬೋರ್ಡ್ ಸಭೆಯ ತಾರೀಖು ಎಕ್ಸ್‌ಪೈರಿಯ ಆಚೆಗೆ ಬಿತ್ತು ಎಂದು ತಿಳಿದ ಕ್ಷಣ ಜುಲೈ ಆಪ್ಷನ್‌ನೊಳಗಿಂದ ಆ ದೊಡ್ಡ ದಿನವೇ ಮಾಯ. ನಮ್ಮ ಉದಾಹರಣೆಯಲ್ಲಿ ಇಪ್ಪತ್ತು ದಿನ ಉಳಿದಿದ್ದಾಗ 33 ರೂಪಾಯಿ ಇದ್ದ ಕಾಲ್ ಶೇರು ಒಂದು ಪೈಸೆ ಅಲುಗದಿದ್ದರೂ 27ಕ್ಕೆ ಬರುತ್ತದೆ. ಆಗಸ್ಟ್ ಕಾಲ್ ಇಟ್ಟುಕೊಂಡವನಿಗೆ ಇದರಿಂದ ಏನೂ ಆಗುವುದಿಲ್ಲ, ಅವನ ಆಪ್ಷನ್‌ನಲ್ಲಿ ರಿಸಲ್ಟ್ ಆಗಲೂ ಇತ್ತು, ಈಗಲೂ ಇದೆ.